ಅಪ್‌ಡೇಟ್ ಅರ್ಧಕ್ಕೆ ಕರೆಂಟ್ ಹೋಯ್ತು, ರೂಟರ್ ಏಳ್ತಿಲ್ಲ

ಬಳ್ಳಾರಿ ಕೌಲ್ ಬಜಾರ್, ಝೆರಾಕ್ಸ್ ಅಂಗಡಿ:
ನನ್ನದು ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ರೂಟರ್ ಟಿಪಿ-ಲಿಂಕ್ TL-WR841N, ಅಡಿಯ ಚೀಟಿಯಲ್ಲಿ Ver: 9.2 ಅಂತ ಇದೆ. ನಿನ್ನೆ ಸಂಜೆ ಫರ್ಮ್‌ವೇರ್ ಅಪ್‌ಡೇಟ್ ಹಾಕಿದ್ದೆ, ಅರ್ಧಕ್ಕೆ ಕರೆಂಟ್ ಹೋಯ್ತು. ಈಗ ಲೈಟುಗಳೆಲ್ಲ ಒಮ್ಮೆ ಹತ್ತಿ ಆರುತ್ತವೆ, ಮತ್ತೆ ಹತ್ತುತ್ತವೆ. ವೈಫೈ ಹೆಸರೇ ಕಾಣಲ್ಲ. ಇದು ಉಳಿಯುತ್ತಾ, ಗುಜರಿಗೆ ಹಾಕಲಾ? ಮುಂದಿನ ಸಲ ಹೇಗೆ ಮಾಡಬೇಕು?

ಕೊಪ್ಪಳದಿಂದ:
ಹೆದರಬೇಡಿ ಸರ್. ರಿಸೆಟ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒತ್ತಿದಂತೆಯೇ ಪವರ್ ತೆಗೆದು 30 ಸೆಕೆಂಡ್, ಮತ್ತೆ ಹಾಕಿ 30 ಸೆಕೆಂಡ್. ನನ್ನ ರೂಟರ್ ಎರಡು ಸಲ ಹೀಗೇ ಎದ್ದಿದೆ. ಇನ್ನೊಂದು, ವೈಫೈ ಮೇಲೆ ಅಪ್‌ಡೇಟ್ ಮಾಡಿದ್ದಕ್ಕೇ ಹೀಗಾಗಿರುತ್ತೆ. ಯಾವಾಗಲೂ ವೈರ್ ಹಾಕಿಯೇ ಮಾಡಬೇಕು.

ಸಿರುಗುಪ್ಪದಿಂದ:
ನಮ್ಮಲ್ಲೂ ಇದೇ ಗೋಳು. ಮಳೆ ಬಂದ ಮರುದಿನ ಡಬ್ಬಿಯಲ್ಲಿ ಕೆಂಪು ಲೈಟ್ ಮಿಂಚುತ್ತೆ, ನೆಟ್ ಹೋಗುತ್ತೆ. ಲೈನ್‌ಮನ್ ಬಂದು ಫೈಬರ್ ತುದಿ ಒರೆಸಿ ಹಾಕಿದ ಮೇಲೆ ಸರಿಯಾಗುತ್ತೆ. ನೀವೂ ಅವರಿಗೇ ಫೋನ್ ಮಾಡಿ.

ರಾಯಚೂರು, ಸಿಸಿಟಿವಿ ಮತ್ತು ನೆಟ್‌ವರ್ಕ್ ಕೆಲಸ:
ಸಿರುಗುಪ್ಪದ ಅಣ್ಣಾ, ನಿಮ್ಮದು ಫೈಬರ್ ಡಬ್ಬಿ, ಕೆಂಪು ಲೈಟ್ ಅಂದರೆ ಬೆಳಕು ಬರ್ತಿಲ್ಲ ಅಂತ. ಇವರದು ಬೇರೆ ರೋಗ. ಕೊಪ್ಪಳದವರು ಹೇಳಿದ ರಿಸೆಟ್ ಸೆಟ್ಟಿಂಗ್ಸ್ ಮಾತ್ರ ಅಳಿಸುತ್ತೆ. ಪಾಸ್‌ವರ್ಡ್ ಮರೆತಾಗ, ಸೆಟ್ಟಿಂಗ್ ಕೆಟ್ಟಾಗ ಅದು ಸರಿ. ಇಲ್ಲಿ ಫರ್ಮ್‌ವೇರೇ ಅರ್ಧ ಇದೆ, ಅದನ್ನು ರಿಸೆಟ್ ಎಲ್ಲಿಂದ ತರಬೇಕು?

ಗುಜರಿಗೆ ಹಾಕಬೇಡಿ. ಈ ರೂಟರಿನ ಫ್ಲ್ಯಾಶ್ ಚಿಪ್ 4 ಎಂಬಿ. ಅದರ ಮೊದಲ 128 ಕೆಬಿಯಲ್ಲಿ ಬೂಟ್‌ಲೋಡರ್, ಅಂದರೆ ರೂಟರನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ, ಕೂತಿರುತ್ತೆ, ಫರ್ಮ್‌ವೇರ್ ಅದರ ನಂತರ. ಕರೆಂಟ್ ಹೋದಾಗ ಕೆಟ್ಟಿದ್ದು ಸಾಮಾನ್ಯವಾಗಿ ಆ ನಂತರದ ಭಾಗ. ಲೈಟ್ ಹತ್ತಿ ಆರಿ ಮತ್ತೆ ಹತ್ತುತ್ತಿದೆ ಅಂದರೆ ಬೂಟ್‌ಲೋಡರ್ ಎದ್ದು, ಫರ್ಮ್‌ವೇರ್ ಓಡಿಸಲು ಹೋಗಿ ಎಡವಿ, ಮತ್ತೆ ಮೊದಲಿನಿಂದ ಶುರು ಮಾಡ್ತಿದೆ. ಒಂದೇ ಒಂದು ಲೈಟ್ ಅಲುಗಾಡದೆ ನಿಂತಿದ್ದರೆ ನನಗೆ ಜಾಸ್ತಿ ಭಯ ಇತ್ತು.

ಬಟನ್ ಒತ್ತಿಕೊಂಡು ಆನ್ ಮಾಡಿದರೆ ಈ ಬೂಟ್‌ಲೋಡರ್ ಒಂದು ಕೆಲಸ ಮಾಡುತ್ತೆ. ತನಗೆ 192.168.0.86 ಅನ್ನೋ ವಿಳಾಸ ಇಟ್ಟುಕೊಂಡು, 192.168.0.66ರಲ್ಲಿ ಇರುವ ಕಂಪ್ಯೂಟರಿಗೆ ಟಿಎಫ್‌ಟಿಪಿ ಅನ್ನೋ ಫೈಲ್ ಕಳಿಸುವ ಸರಳ ವಿಧಾನದಲ್ಲಿ wr841nv9_tp_recovery.bin ಅನ್ನೋ ಹೆಸರಿನ ಒಂದು ಫೈಲ್ ಕೇಳುತ್ತೆ. ಆ ಫೈಲ್ ಸಿಕ್ಕರೆ ತಾನೇ ಬರೆದುಕೊಳ್ಳುತ್ತೆ. ನೀವು ಆ ಫೈಲ್ ಇಟ್ಟುಕೊಂಡು ಕಾದಿರಬೇಕು, ಅಷ್ಟೇ.

ಫೈಲಿನ ವಿಷಯದಲ್ಲೇ ಎಲ್ಲರೂ ಎಡವೋದು. ಕಂಪನಿಯ ಸೈಟಿನಲ್ಲಿ V9 ಆರಿಸಿ ಇಳಿಸಿ. V8 ಬೇಡ, V10 ಬೇಡ, ಹೊರಗಿಂದ ನೋಡೋಕೆ ಎಲ್ಲ ಒಂದೇ ಥರ ಇದ್ದರೂ. ಜಿಪ್ ಬಿಚ್ಚಿ, ಒಳಗಿನ .bin ಫೈಲಿನ ಹೆಸರಲ್ಲಿ boot ಅಂತ ಇದೆಯಾ ನೋಡಿ. ಇದ್ದರೆ ಅದರ ತಲೆಯಲ್ಲಿ ಬೂಟ್‌ಲೋಡರೂ ಸೇರಿದೆ. ಹಾಗೇ ಕೊಟ್ಟರೆ ಎಲ್ಲ ಜಾಗ ತಪ್ಪಿ ಕೂರುತ್ತೆ, ರೂಟರ್ ಏಳಲ್ಲ. ಮೊದಲು ಆ ತಲೆಯನ್ನು ಕತ್ತರಿಸಬೇಕು:

```
dd if=original.bin of=wr841nv9_tp_recovery.bin bs=512 skip=257
```

`original.bin` ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ. ವಿಂಡೋಸ್‌ನಲ್ಲಿ dd ಇರಲ್ಲ, Git Bash ಹಾಕಿಕೊಂಡರೆ ಅದರಲ್ಲಿ ಸಿಗುತ್ತೆ. ಆಮೇಲೆ ಫೈಲಿನ ಪ್ರಾಪರ್ಟೀಸ್ ನೋಡಿ. ಕತ್ತರಿಸಿದ ಫೈಲ್ ಸರಿಯಾಗಿ 3932160 ಬೈಟ್ ಇರಬೇಕು. 4063744 ಇದ್ದರೆ ತಲೆ ಇನ್ನೂ ಹಾಗೇ ಇದೆ ಅಂತ. ಹೆಸರಲ್ಲಿ boot ಇಲ್ಲದಿದ್ದರೆ ಕತ್ತರಿಸಬೇಡಿ, ಹೆಸರು ಮಾತ್ರ wr841nv9_tp_recovery.bin ಅಂತ ಬದಲಿಸಿ.

ಇನ್ನು ಕಂಪ್ಯೂಟರ್. ವೈಫೈ ಆಫ್ ಮಾಡಿ. ಲ್ಯಾನ್ ಕಾರ್ಡಿಗೆ 192.168.0.66, ಮಾಸ್ಕ್ 255.255.255.0 ಕೊಡಿ, ಗೇಟ್‌ವೇ ಖಾಲಿ ಬಿಡಿ. ಟಿಎಫ್‌ಟಿಪಿಯಲ್ಲಿ ಫೈಲ್ ಕೊಡುವ Tftpd64 ಅನ್ನೋ ಸಾಫ್ಟ್‌ವೇರ್ ತೆರೆದು, ಫೈಲ್ ಇರುವ ಫೋಲ್ಡರ್ ತೋರಿಸಿ. ಫೈರ್‌ವಾಲ್ ಕೇಳಿದರೆ Public ಕೂಡ ಟಿಕ್ ಮಾಡಿ. ಗೇಟ್‌ವೇ ಇಲ್ಲದ ವೈರನ್ನು ವಿಂಡೋಸ್ Public ಅಂತಲೇ ಎಣಿಸುತ್ತೆ. Private ಮಾತ್ರ ಟಿಕ್ ಮಾಡಿ ತಾಸುಗಟ್ಟಲೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಕೇಬಲ್ ಲ್ಯಾನ್ ಪೋರ್ಟಿಗೆ, ನೀಲಿಯದಕ್ಕೆ ಬೇಡ. WPS/RESET ಬಟನ್ ಒತ್ತಿಕೊಂಡೇ ಪವರ್ ಆನ್ ಮಾಡಿ, ಬೀಗದ ಗುರುತಿನ ಲೈಟ್ ಹತ್ತಿದ ಮೇಲೆ ಬಿಡಿ.

ಗಂಗಾವತಿ, ಕಾಲೇಜು ಲ್ಯಾಬ್:
ಇಷ್ಟೆಲ್ಲ ರಗಳೆ ಎಲ್ಲ ರೂಟರಿಗೂ ಇಲ್ಲ. ನಮ್ಮ ಲ್ಯಾಬಿನದು ಏಸಸ್. ರಿಸೆಟ್ ಒತ್ತಿಕೊಂಡು ಆನ್ ಮಾಡಿದರೆ ಪವರ್ ಲೈಟ್ ನಿಧಾನಕ್ಕೆ ಮಿಣುಕುತ್ತೆ. ಆಗ ಕಂಪನಿಯದೇ Firmware Restoration ಅನ್ನೋ ಸಾಫ್ಟ್‌ವೇರಿನಲ್ಲಿ ಫೈಲ್ ಆರಿಸಿ ಕಳಿಸಿದರೆ ಮುಗೀತು. ಕತ್ತರಿಸೋದು, ಹೆಸರು ಬದಲಿಸೋದು ಏನೂ ಇಲ್ಲ. ಹೊಸದು ಕೊಳ್ಳುವಾಗ ಇದನ್ನೂ ನೋಡಿ ಕೊಳ್ಳಿ ಅಂತೀನಿ.

ಬಳ್ಳಾರಿ ಕೌಲ್ ಬಜಾರ್:
ರಾಯಚೂರಿನ ಸರ್, ಎಲ್ಲ ನೀವು ಹೇಳಿದಂತೆ ಮಾಡಿದೆ. ಫೈಲ್ 3932160 ಬೈಟ್ ಇದೆ. ನಾಲ್ಕು ಸಲ ಬಟನ್ ಒತ್ತಿ ಆನ್ ಮಾಡಿದೆ, ಬೀಗದ ಲೈಟೂ ಹತ್ತುತ್ತೆ. Tftpd64ರ ಲಾಗ್ ಮಾತ್ರ ಖಾಲಿ. ಒಂದು ಸಾಲೂ ಬರಲ್ಲ.

ರಾಯಚೂರು:
ಬೀಗದ ಲೈಟ್ ಹತ್ತುತ್ತೆ ಅಂದರೆ ರೂಟರ್ ಕೇಳ್ತಿದೆ, ನಿಮ್ಮ ಕಂಪ್ಯೂಟರಿಗೆ ಕೇಳಿಸ್ತಿಲ್ಲ. ರೂಟರ್ ಆಫ್ ಇದ್ದಾಗ ವಿಂಡೋಸ್ ಕಣ್ಣಿಗೆ ಕೇಬಲ್ಲೇ ಇಲ್ಲ. ಆನ್ ಆದ ಮೇಲೆ ಪೋರ್ಟ್ ಎದ್ದು ವಿಳಾಸ ಹಚ್ಚಿಕೊಳ್ಳೋಕೆ ಕೆಲವು ಸೆಕೆಂಡ್ ಬೇಕು. ಅಷ್ಟರಲ್ಲಿ ಬೂಟ್‌ಲೋಡರ್ ಕೇಳಿ ಸುಮ್ಮನಾಗಿರುತ್ತೆ. ನಡುವೆ ಒಂದು 5 ಪೋರ್ಟಿನ ಸಣ್ಣ ಸ್ವಿಚ್ ಹಾಕಿ. ಕಂಪ್ಯೂಟರ್ ಸ್ವಿಚ್ಚಿಗೆ, ಸ್ವಿಚ್ಚಿಂದ ರೂಟರಿಗೆ. ಆಗ ಕಂಪ್ಯೂಟರಿನ ಪೋರ್ಟ್ ಯಾವಾಗಲೂ ಎದ್ದೇ ಇರುತ್ತೆ. ಸ್ವಿಚ್ ಇಲ್ಲದಿದ್ದರೆ ಹಳೇ ರೂಟರಿನ ಎರಡು ಲ್ಯಾನ್ ಪೋರ್ಟ್ ಬಳಸಿ, ಆದರೆ ಅದರ ವಿಳಾಸ .66 ಅಥವಾ .86 ಆಗಿರಬಾರದು.

ಬಳ್ಳಾರಿ ಕೌಲ್ ಬಜಾರ್:
ಪಕ್ಕದ ಮೊಬೈಲ್ ಅಂಗಡಿಯ ತಮ್ಮನ ಹತ್ತಿರ ಸ್ವಿಚ್ ಇಸ್ಕೊಂಡು ಬಂದೆ. ಮೊದಲನೇ ಸಲಕ್ಕೇ ಲಾಗ್‌ನಲ್ಲಿ ಈ ಸಾಲು ಬಂತು:

```
Read request for file <wr841nv9_tp_recovery.bin>. Mode octet
```

ಫೈಲ್ ಕೆಲವೇ ಸೆಕೆಂಡಲ್ಲಿ ಹೋಯ್ತು. ಆಮೇಲೆ ಏನೂ ಆಗದ ಹಾಗೆ ಕೂತಿತ್ತು. ಕೈ ಪ್ಲಗ್ಗಿನ ಹತ್ತಿರ ಹೋಗಿತ್ತು, ತಡೆದುಕೊಂಡೆ. ಸ್ವಲ್ಪ ಹೊತ್ತಿಗೆ ತಾನೇ ರೀಸ್ಟಾರ್ಟ್ ಆಗಿ ವೈಫೈ ಹೆಸರು ಬಂತು! ಕಂಪ್ಯೂಟರಿನ ವಿಳಾಸವನ್ನು ಆಟೋಮ್ಯಾಟಿಕ್‌ಗೆ ಹಾಕಿ ಸೆಟ್ಟಿಂಗ್ ಪುಟಕ್ಕೂ ಹೋದೆ. ಆದರೆ ನೆಟ್ ಬರ್ತಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟಿದ್ದೆ, ಹಾಕಿದೆ. ಆದರೂ ಕನೆಕ್ಟ್ ಆಗಲ್ಲ.

ಸಿಂಧನೂರು, ಟೈಪಿಂಗ್ ಸೆಂಟರ್:
ಅಣ್ಣಾ, ನಮಗೂ ಹೀಗೇ ಆಗಿತ್ತು. ಮೊದಲ ದಿನ ಕನೆಕ್ಷನ್ ಕೊಡುವಾಗ ಕೇಬಲ್‌ನವರು ನೇರ ನಮ್ಮ ಕಂಪ್ಯೂಟರಿಗೆ ವೈರ್ ಹಾಕಿ ಪರೀಕ್ಷೆ ಮಾಡಿದ್ದರು. ಆ ಕಂಪ್ಯೂಟರಿನ ಮ್ಯಾಕ್ ವಿಳಾಸವೇ, ಅಂದರೆ ಲ್ಯಾನ್ ಕಾರ್ಡಿನ ಗುರುತಿನ ಸಂಖ್ಯೆಯೇ, ಅವರಲ್ಲಿ ದಾಖಲಾಗಿತ್ತು. ಆಮೇಲೆ ರೂಟರ್ ಹಚ್ಚಿದಾಗ ಅದನ್ನು ನಕಲು ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ರೂಟರಿನ Network, ಅದರೊಳಗೆ MAC Clone ಅಂತ ಇದೆ. ಆವತ್ತಿನ ಕಂಪ್ಯೂಟರ್ ಇನ್ನೂ ಇದ್ದರೆ ಅದಕ್ಕೆ ವೈರ್ ಹಾಕಿ ಆ ಪುಟ ತೆರೆದು Clone MAC Address ಒತ್ತಿ, ಸೇವ್ ಮಾಡಿ. ಇಲ್ಲದಿದ್ದರೆ ಕೇಬಲ್‌ನವರಿಗೆ ಫೋನ್ ಮಾಡಿ ಹೊಸ ಮ್ಯಾಕ್ ಕೊಡಬೇಕು.

ಬಳ್ಳಾರಿ ಕೌಲ್ ಬಜಾರ್:
ಅದೇ ಅಕ್ಕಾ! ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನಿಂದ ಮಾಡಿದೆ, ನೆಟ್ ಬಂತು. ಎರಡು ದಿನದ ಅರ್ಜಿಗಳು ಕೂತಿವೆ. ಅದು ಮುಗಿಸಿ ಹೊಸ ಫರ್ಮ್‌ವೇರ್ ಹಾಕಬೇಕು. ಈ ಸಲ ಕೈ ನಡುಗುತ್ತೆ.

ರಾಯಚೂರು:
ಈ ಸಲ ಒಂದು ಪರೀಕ್ಷೆ ಮಾಡಿ. ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿ, ಬೋರ್ಡಿನ ಮೇನ್ ಸ್ವಿಚ್ ಇಳಿಸಿ. ರೂಟರಿನ ಲೈಟ್ ಕಣ್ಣು ಮಿಟುಕಿಸಿದರೂ ಆ ಲೈನ್ ನಂಬಬೇಡಿ. ಇನ್ವರ್ಟರಿನ ಹಿಂದೆ UPS ಮೋಡಿನ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ಮತ್ತೆ ನೋಡಿ. ಇನ್ನೊಂದು ಮೋಡಿನಲ್ಲಿ ಬದಲಾಗೋದು ನಿಧಾನ. ಫ್ಯಾನಿಗೆ ಗೊತ್ತಾಗಲ್ಲ, ರೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತೆ.

ವೈಫೈ ಬಗ್ಗೆ ಕೊಪ್ಪಳದವರ ಮಾತು ಅರ್ಧ ಸರಿ. ವೈರ್ ಒಳ್ಳೇದೇ. ಆದರೆ ಫೈಲ್ ಮೊದಲು ರೂಟರಿನ ಮೆಮೊರಿಗೆ ಬರುತ್ತೆ, ಪರೀಕ್ಷೆ ಆಗುತ್ತೆ, ಆಮೇಲೆ ಚಿಪ್ ಅಳಿಸಿ ಬರೆಯೋದು. ಮೆಮೊರಿಗೆ ಬರುವಾಗ ವೈಫೈ ಕಡಿದರೆ ಅಪ್‌ಡೇಟ್ ಆಗಲ್ಲ, ಅಷ್ಟೇ, ರೂಟರ್ ಸಾಯಲ್ಲ. ಅಳಿಸಿ ಬರೆಯುವ ಎರಡು ಮೂರು ನಿಮಿಷವೇ ಗಂಡಾಂತರ. ಆಗ ಕಂಪ್ಯೂಟರ್ ಆಫ್ ಆದರೂ ಪರವಾಗಿಲ್ಲ, ರೂಟರಿನ ಕರೆಂಟ್ ಹೋಗಬಾರದು. ಬ್ರೌಸರಿನ ಪಟ್ಟಿ ನಿಂತುಬಿಟ್ಟರೂ 10 ನಿಮಿಷ ಕೈ ಕಟ್ಟಿ ಕೂರಿ. ಆ ಪಟ್ಟಿ ಚಿಪ್ಪಿನ ಒಳಗೆ ಏನಾಗ್ತಿದೆ ಅಂತ ತೋರಿಸಲ್ಲ.

ಬ್ಯಾಕಪ್ ತೆಗೆದುಕೊಳ್ಳಿ. ಜೊತೆಗೆ WAN ಪುಟದ್ದು, MAC Clone ಪುಟದ್ದು ಮೊಬೈಲಲ್ಲಿ ಫೋಟೊ ಹೊಡೆದಿಡಿ. ವರ್ಷನ್ ಬದಲಾದ ಮೇಲೆ ಹಳೇ ಬ್ಯಾಕಪ್ ಫೈಲನ್ನು ಹಾಗೇ ಹಾಕೋದು ನನಗೆ ಇಷ್ಟ ಇಲ್ಲ, ಕೈಯಿಂದಲೇ ತುಂಬುತ್ತೀನಿ.

ಗಂಗಾವತಿ, ಕಾಲೇಜು ಲ್ಯಾಬ್:
ನಾನು ಬ್ಯಾಕಪ್ ಫೈಲನ್ನೇ ಹಾಕ್ತೀನಿ, ಇದುವರೆಗೆ ಏನೂ ಆಗಿಲ್ಲ.

ಕೊಪ್ಪಳದಿಂದ:
ಸರಿ, 30 ಸೆಕೆಂಡ್ ಮಾತು ವಾಪಸ್ ತಗೊಂಡೆ. ಒಂದು ಕೇಳಲಾ? ನನ್ನ ಅಟ್ಟದಲ್ಲಿ ಇದೇ ಮಾಡೆಲ್ ಇದೆ. ಪವರ್ ಲೈಟ್ ಒಂದೇ ಹತ್ತುತ್ತೆ, ಬಟನ್ ಒತ್ತಿ ಆನ್ ಮಾಡಿದರೂ ಬೀಗದ ಲೈಟ್ ಬರಲ್ಲ.

ರಾಯಚೂರು:
ಹಾಗಾದರೆ ಬೂಟ್‌ಲೋಡರೇ ಹೋಗಿರಬಹುದು. ಮೊದಲು ಅಷ್ಟೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿ ನೋಡಿ. ಅದೂ ಅಲ್ಲ ಅಂದರೆ ಡಬ್ಬಿ ಬಿಚ್ಚಿ, ಎಂಟು ಕಾಲಿನ ಫ್ಲ್ಯಾಶ್ ಚಿಪ್ಪಿಗೆ CH341A ಪ್ರೋಗ್ರಾಮರ್ ಹಚ್ಚಿ ಬರೆಯಬೇಕು. ಇನ್ನೊಂದು ರೂಟರಿನ ಚಿಪ್ಪಿಂದ ಪೂರ್ತಿ ನಕಲು ಮಾಡಿದರೆ ಅದರ ಮ್ಯಾಕ್, ಆ ರೂಟರಿಗೇ ಅಂತ ಹೊಂದಿಸಿದ ವೈಫೈ ರೇಡಿಯೋ ಲೆಕ್ಕ ಎಲ್ಲ ಇದಕ್ಕೆ ಬರುತ್ತೆ. ಅದಕ್ಕೇ ಬರೆಯೋ ಮೊದಲು ನಿಮ್ಮ ಚಿಪ್ಪಿನಲ್ಲಿ ಉಳಿದಿದ್ದನ್ನು ಓದಿ ಇಟ್ಟುಕೊಳ್ಳಿ. ಕೊನೆಯ 64 ಕೆಬಿಯಲ್ಲಿ ಆ ರೇಡಿಯೋ ಲೆಕ್ಕ ಇರುತ್ತೆ. ಮನಸ್ಸಿದ್ದರೆ ಡಬ್ಬಿ ಬಿಚ್ಚಿ ಚಿಪ್ಪಿನ ಮೇಲಿನ ನಂಬರ್ ಹೇಳಿ, ನೋಡೋಣ.