ಸಹಾಯ ಬೇಕು: ಪುಸ್ತಕ, ಸ್ಲೈಡು, ಧ್ವನಿಮುದ್ರಣ ಸೇರಿಸಿ ಒಂದೇ ಸಾರಾಂಶ
ನಮಸ್ಕಾರ. ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಾನು ಉಷ್ಣಗತಿಶಾಸ್ತ್ರದ ಮೊದಲ ನಿಯಮಕ್ಕೆ ಈ ಮೂರನ್ನೂ ಸೇರಿಸಿ ಸಾರಾಂಶ ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ΔU = Q − W ಎಂದಿದ್ದರೆ ಸ್ಲೈಡಿನಲ್ಲಿ ΔU = Q + W ಎಂದಿದೆ. ಇದು ನಿಜವಾದ ವಿರೋಧವಲ್ಲ; ಪುಸ್ತಕದ W ಅನಿಲವು ಮಾಡಿದ ಕೆಲಸ, ಸ್ಲೈಡಿನದು ಅನಿಲದ ಮೇಲೆ ನಡೆದ ಕೆಲಸ. ಅನಿಲವು 500 ಜೂಲ್ ಶಾಖ ಹೀರಿ 200 ಜೂಲ್ ಕೆಲಸ ಮಾಡಿದರೆ ಎರಡರಲ್ಲೂ 300 ಜೂಲೇ ಬರಬೇಕು. ಚಿಹ್ನೆ ಬೆರೆತರೆ 700 ಬರುತ್ತದೆ. ಹಾಗಾಗಿ ಪುಸ್ತಕದ ಪದ್ಧತಿಯನ್ನೇ ಇಟ್ಟುಕೊಂಡು ಸ್ಲೈಡಿನ ಲೆಕ್ಕಗಳಲ್ಲಿ W ಚಿಹ್ನೆಯನ್ನು ತಿರುಗಿಸಿದ್ದೇನೆ.

ತೊಡಕಿರುವುದು ಧ್ವನಿಮುದ್ರಣದಲ್ಲಿ. ಸರ್ ಮರಾಠಿ ಬೆರೆಸಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರಾದರೂ, ಆ ಪುನರುಕ್ತಿಯ ನಡುವೆಯೇ ಪ್ರಕ್ರಿಯೆ ಬಹಳ ನಿಧಾನವಾಗಿ ನಡೆದಾಗ ಮಾತ್ರ ಅನಿಲದ ಒತ್ತಡದಿಂದ W = ∫p dV ಎಂದು ಲೆಕ್ಕ ಹಾಕಬಹುದೆಂಬಂಥ ಷರತ್ತೊಂದು ನುಸುಳಿರುತ್ತದೆ. ಪುನರುಕ್ತಿ ತೆಗೆಯುವಾಗ ಇಂಥವು ಕಳೆದುಹೋಗದಂತೆ ತಾವು ಹೇಗೆ ಗುರುತಿಸಿಕೊಳ್ಳುತ್ತೀರಿ ಎಂದು ದಯವಿಟ್ಟು ತಿಳಿಸಿ.