ಪ್ರಶ್ನೋತ್ತರ: 52 ನಿಮಿಷದ ಪಾಠವನ್ನು ಎಲ್ಲಿ ಕತ್ತರಿಸಲಿ?

ಪ್ರಶ್ನೆ (ಡಿಪ್ಲೊಮಾ ಉಪನ್ಯಾಸಕಿ, ರಾಯಚೂರು): ಸರ್, ಮೆಕ್ಯಾನಿಕಲ್ ಹುಡುಗರಿಗೆ ರ‍್ಯಾಂಕಿನ್ ಸೈಕಲ್ ಪಾಠ ರೆಕಾರ್ಡ್ ಮಾಡಿ ಕೊಟ್ಟೆ. 48 ಜನ ತೆರೆದರು, ಕೊನೆ ಮುಟ್ಟಿದವರು 11. 24ನೇ ನಿಮಿಷದ ಹತ್ತಿರ ಗ್ರಾಫ್ ಧಡ್ ಅಂತ ಬೀಳುತ್ತದೆ. ಅಲ್ಲೇ ಕತ್ತರಿಸಲಾ? ಯಾರು ಎಲ್ಲಿಂದ ಎಲ್ಲಿವರೆಗೆ ನೋಡಿದರು ಅನ್ನೋ ಶೀಟ್ ಹಾಕಿದ್ದೇನೆ.

ಒಬ್ಬ ಸದಸ್ಯರು, ಗಂಗಾವತಿ: ಅಷ್ಟೆಲ್ಲ ಯಾಕೆ ಮೇಡಂ, 6 ನಿಮಿಷಕ್ಕೊಂದು ತುಂಡು ಮಾಡಿ. ಇಡಿಎಕ್ಸ್ ಅನ್ನೋ ಆನ್‌ಲೈನ್ ತಾಣದ ಕೋರ್ಸ್‌ಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲೇ ಇದೆ, 69 ಲಕ್ಷ ವೀಕ್ಷಣೆ ನೋಡಿ ಹೇಳಿದ್ದು.

ಕೋರ್ಸ್ ವಿಡಿಯೊ ಎಡಿಟರ್, ಬಳ್ಳಾರಿ: ಅಧ್ಯಯನ ಇರೋದು ನಿಜ. ಆದರೆ ತರಗತಿಯ ಪಾಠವನ್ನು ಸುಮ್ನೆ ಚೂರು ಮಾಡಿ ಹಾಕಿದರೆ, ಸಣ್ಣ ವಿಡಿಯೊಗೆಂದೇ ಮಾಡಿದ ಪಾಠದಷ್ಟು ಹಿಡಿಸುವುದಿಲ್ಲ ಅಂತಲೂ ಅದೇ ಅಧ್ಯಯನ ಹೇಳಿದೆ. ಗಡಿಯಾರ ನೋಡಿ ಕತ್ತರಿಸಿದರೆ ಲೆಕ್ಕದ ನಡುವೆಯೇ ಕತ್ತರಿ ಬೀಳುತ್ತದೆ.

ಮೇಡಂ, 11 ಅನ್ನೋ ಸಂಖ್ಯೆಯನ್ನು ಸ್ವಲ್ಪ ಬದಿಗಿಡಿ. ನಾನು ಪಾಠವನ್ನು ವಿಷಯ ಬದಲಾಗುವ ಕಡೆ ಐದು ಭಾಗ ಮಾಡಿದೆ. ಪ್ರತಿ ಭಾಗಕ್ಕೂ ಎರಡೇ ಎಣಿಕೆ: ಶುರು ಮಾಡಿದವರೆಷ್ಟು, ಅವರಲ್ಲಿ ಮುಗಿಸಿದವರೆಷ್ಟು. ಒಟ್ಟು 48ಕ್ಕೆ ಹೋಲಿಸಿದರೆ ಕೊನೆಯ ಭಾಗ ಯಾವಾಗಲೂ ಕೆಟ್ಟದಾಗಿಯೇ ಕಾಣುತ್ತದೆ.

ಮೊದಲ 7 ನಿಮಿಷ ಹಾಜರಿ, ಹಿಂದಿನ ಪಾಠದ ನೆನಪು. 48 ಜನರಲ್ಲಿ 9 ಜನ ಅಲ್ಲೇ ಎದ್ದು ಹೋಗಿದ್ದಾರೆ. ಅದನ್ನು ಕತ್ತರಿಸೋದಲ್ಲ, ತೆಗೆದೇ ಬಿಡಿ. ಆಮೇಲೆ ಬಾಯ್ಲರ್, ಟರ್ಬೈನ್, ಕಂಡೆನ್ಸರ್, ಪಂಪು: 11 ನಿಮಿಷದಲ್ಲಿ ಹೋದವರು 3 ಜನ ಅಷ್ಟೇ. 6 ನಿಮಿಷದ ನಿಯಮ ಹಿಡಿದು ಇದನ್ನು ಒಡೆದರೆ ಚೆನ್ನಾಗಿರೋದನ್ನೇ ಕೆಡಿಸಿದ ಹಾಗೆ. (ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತಾ ಬೆಳೆದ ಹುಡುಗರು ಅಲ್ವಾ, ಅಲ್ಲಿ ಯಾಕೆ ಬಿಡ್ತಾರೆ!)

ಈಗ ನಿಮ್ಮ 24ನೇ ನಿಮಿಷ. 18ರಿಂದ 31ರವರೆಗಿನ ಭಾಗ ಶುರು ಮಾಡಿದವರು 36, ಒಂದೇ ಸಲಕ್ಕೆ ಮುಗಿಸಿದವರು 22. ಉಳಿದ 14 ಜನ ವಿಡಿಯೊ ಬಿಟ್ಟಿಲ್ಲ. ಶೀಟಿನಲ್ಲಿ ಅವರ ಮುಂದಿನ ಸಾಲು ನೋಡಿ, ಎಲ್ಲರೂ 31ನೇ ನಿಮಿಷದ ಲೆಕ್ಕಕ್ಕೆ ಹಾರಿದ್ದಾರೆ. ಅವರಲ್ಲಿ 9 ಜನ ಲೆಕ್ಕದ ನಡುವೆ ಮತ್ತೆ 24ಕ್ಕೆ ವಾಪಸ್ ಬಂದಿದ್ದಾರೆ. ಅಲ್ಲಿ ಏನಿದೆ ಅಂತ ವಿಡಿಯೊ ನೋಡಿದೆ. ನೀವು ಚಿತ್ರ ಬರೆಯೋದು ಮುಗಿಸಿ ಸ್ಟೀಮ್ ಟೇಬಲ್ ಓದೋಕೆ ಶುರು ಮಾಡಿದ್ದೀರಿ. ಎಂಥಾಲ್ಪಿ ಎಲ್ಲಿ ಸಿಗುತ್ತದೆ ಅನ್ನೋದು ಲೆಕ್ಕ ಮಾಡುವಾಗಲೇ ಬೇಕಾಗಿದೆ.

ಹಾಗಾಗಿ ಕತ್ತರಿಸಬೇಕಾದ್ದು ಗ್ರಾಫ್ ಬಿದ್ದ 24:30ರಲ್ಲಲ್ಲ, ನೀವು 'ಈಗ ಟೇಬಲ್ ತೆಗೆಯಿರಿ' ಅನ್ನೋ 23:40ರಲ್ಲಿ. ಬೇಸರ ಆದ ಮೇಲೆ ಹುಡುಗರು ಸ್ವಲ್ಪ ಹೊತ್ತು ಕಾದು ಮುಂದಕ್ಕೆ ಹಾರಿದ್ದಾರೆ, ಕಾರಣ ಅದಕ್ಕಿಂತ ಮೊದಲೇ ಇರುತ್ತದೆ. 23:40ರಿಂದ 31ರವರೆಗಿನದನ್ನು ಬೇರೆ ತುಂಡು ಮಾಡಿ, 'ಸ್ಟೀಮ್ ಟೇಬಲ್ ಓದುವುದು' ಅಂತ ಹೆಸರಿಡಿ. ಒಂದು ತೊಂದರೆ ಇದೆ. ಅಲ್ಲಿ ನೀವು 'ಈ ಬಿಂದು' ಅಂತ ಹಿಂದಿನ ಚಿತ್ರವನ್ನೇ ತೋರಿಸುತ್ತೀರಿ. ಚಿತ್ರ ಮುಂದಿಟ್ಟುಕೊಂಡು 20 ಸೆಕೆಂಡ್ ಹೊಸದಾಗಿ ಮಾತಾಡಿ ಸೇರಿಸಿ.

ಲೆಕ್ಕ ಶುರು ಮಾಡಿದವರು 36, ಮುಗಿಸಿದವರು 33. ಆಮೇಲೆ ರೀಹೀಟ್ ಬಂದಾಗ 22 ಜನ ಹೋಗಿದ್ದಾರೆ. ಅದು ಸೋಲಲ್ಲ, ಬೇಕಾದ್ದು ಸಿಕ್ಕಿತು ಅಂತ ಹೋದವರು ಇರಬಹುದು. ರೀಹೀಟ್ ಹೇಗೂ ಬೇರೆ ವಿಷಯ, ಬೇರೆ ತುಂಡು.

ffmpegನಲ್ಲಿ ಕತ್ತರಿಸುವಾಗ `-c copy` ಹಾಕಬೇಡಿ, ಕತ್ತರಿ ನೀವು ಹೇಳಿದ ಕಡೆ ಬೀಳದೆ ಕೀಫ್ರೇಮ್, ಅಂದರೆ ಪೂರ್ತಿ ಚಿತ್ರ ಉಳಿಸಿದ ಫ್ರೇಮ್, ಇರುವ ಕಡೆಗೆ ಜಾರಬಹುದು. ಹೀಗೆ ಮಾಡಿ:

```
ffmpeg -i patha.mp4 -ss 00:23:40 -to 00:31:00 -c:v libx264 -c:a aac table.mp4
```

ಕೋಚಿಂಗ್ ನಡೆಸುವವರು, ಸಿಂಧನೂರು: ನಮ್ಮಲ್ಲಿ ಎಲ್ಲಾ ವಿಡಿಯೊ 20ನೇ ನಿಮಿಷಕ್ಕೇ ಬೀಳ್ತವೆ ಸರ್. ಹಾಗಾದ್ರೆ ಎಲ್ಲದಕ್ಕೂ 20ಕ್ಕೆ ಕತ್ತರಿ ಹಾಕಲಾ?

ಬಳ್ಳಾರಿ: ವಿಷಯ ಬೇರೆ ಬೇರೆ, ಬೀಳುವ ನಿಮಿಷ ಮಾತ್ರ ಒಂದೇ ಅಂದರೆ ಪಾಠದ ಮೇಲೆ ಅನುಮಾನ ಬೇಡ. ಬಿಟ್ಟು ಹೋದ ಹೊತ್ತು ಗಡಿಯಾರದಲ್ಲಿ ಎಷ್ಟು ಅಂತ ನೋಡಿ.

ಸಿಂಧನೂರು: ನೋಡಿದೆ. ಹೆಚ್ಚಿನವು ರಾತ್ರಿ 10 ಗಂಟೆ. 9:40ಕ್ಕೆ ಲಿಂಕ್ ಹಾಕ್ತೀನಿ, 10ಕ್ಕೆ ಹಾಸ್ಟೆಲ್ ವೈಫೈ ಆಫ್.

ರಾಯಚೂರು: ನನಗೆ ಒಂದೇ ಅನುಮಾನ ಸರ್. ಐದು ತುಂಡು ಮಾಡಿದರೆ ಒಂದು ಮುಗಿಸಿ ಮುಂದಿನದು ತೆರೆಯದೇ ಹೋದರೆ?

ಬಳ್ಳಾರಿ: ಆಗುತ್ತದೆ. ತುಂಡಿನ ಒಳಗೆ ಮುಗಿಸಿದವರನ್ನು ಎಣಿಸಿದ ಹಾಗೆ, ಮುಗಿಸಿ ಮುಂದಿನದನ್ನು ತೆರೆದವರನ್ನೂ ಬೇರೆಯಾಗಿ ಎಣಿಸಿ. ಎರಡು ತುಂಡಿನ ನಡುವೆ ಜಾಸ್ತಿ ಜನ ಉದುರಿದರೆ ಅವನ್ನು ಮತ್ತೆ ಸೇರಿಸಿ. 48 ಜನರಲ್ಲಿ ಇಬ್ಬರು ಮೂವರ ವ್ಯತ್ಯಾಸಕ್ಕೆ ಏನೂ ಬದಲಿಸಬೇಡಿ, ಮುಂದಿನ ಬ್ಯಾಚ್‌ನಲ್ಲೂ ಅದೇ ಕಡೆ ಬೀಳುತ್ತದಾ ನೋಡಿ.

ಗಂಗಾವತಿ: ಆದರೂ 11 ನಿಮಿಷ ಉದ್ದವೇ ಆಯ್ತು ಅನ್ಸುತ್ತೆ ನನಗೆ.