ಬೈಬ್ಯಾಕ್‌ನಲ್ಲಿ ಹಣ ಹೋದದ್ದು ಒಮ್ಮೆ, ಮೀಸಲಿಗೆ ಕತ್ತರಿ ಎರಡು ಸಲ ಏಕೆ?

ಬಳ್ಳಾರಿಯ ಬಿಕಾಂ ವಿದ್ಯಾರ್ಥಿನಿ:
ಒಂದು ಜಿನ್ನಿಂಗ್ ಕಂಪನಿಯ ಲೆಕ್ಕ ಮಾಡುತ್ತಿದ್ದೇನೆ. 10 ರೂಪಾಯಿ ಮುಖಬೆಲೆಯ 5 ಲಕ್ಷ ಷೇರು, ಅಂದರೆ ಬಂಡವಾಳ 50 ಲಕ್ಷ. ಷೇರು ಪ್ರೀಮಿಯಂ 10 ಲಕ್ಷ, ಸಾಮಾನ್ಯ ಮೀಸಲು 40 ಲಕ್ಷ, ಜಮೀನಿನ ಮರುಮೌಲ್ಯಮಾಪನ ಮೀಸಲು 30 ಲಕ್ಷ. ಕಂಪನಿ 60,000 ಷೇರುಗಳನ್ನು 35 ರೂಪಾಯಿಯಂತೆ ಮರಳಿ ಕೊಂಡು 21 ಲಕ್ಷ ಕೊಟ್ಟಿದೆ. ಅಷ್ಟೂ ನಮೂದಾದ ಮೇಲೆ ಸಾಮಾನ್ಯ ಮೀಸಲಿನಿಂದ ಮತ್ತೆ 6 ಲಕ್ಷ ತೆಗೆದು ಬಂಡವಾಳ ವಿಮೋಚನಾ ಮೀಸಲು ಎಂಬ ಹೊಸ ಖಾತೆಗೆ ಹಾಕಬೇಕಂತೆ. ಏಕೆ?

ಗಂಗಾವತಿಯ ಅಕ್ಕಿ ಗಿರಣಿಯವರು:
ನಮ್ಮಲ್ಲೂ ಇದೇ ಆಯಿತು ತಂಗಿ. ಚಿಕ್ಕಪ್ಪ ಗಿರಣಿಯ ಪಾಲು ಬಿಟ್ಟಾಗ ಅವರ ಖಾತೆಯ ಬಾಕಿ ಕೊಟ್ಟು ಮುಗಿಸಿದೆವು. ಯಾವ ಮೀಸಲೂ ಕಟ್ಟಲಿಲ್ಲ.

ರಾಯಚೂರಿನ ಲೆಕ್ಕಪರಿಶೋಧಕಿ:
ಅಣ್ಣ, ನಿಮ್ಮದು ಪಾಲುದಾರಿಕೆ. ಅಲ್ಲಿ ಸಾಲ ಕೊಟ್ಟವರು ಪಾಲುದಾರರ ಮನೆ, ಹೊಲದವರೆಗೂ ಬರಬಹುದು. ಕಂಪನಿಯಲ್ಲಿ ಷೇರುದಾರರ ಹೊಣೆ ಷೇರಿನಷ್ಟಕ್ಕೇ ಮುಗಿಯುತ್ತದೆ. ಸಾಲ ಕೊಟ್ಟವರಿಗೆ ಉಳಿಯುವ ಆಸರೆ ಕಂಪನಿಯ ಬಂಡವಾಳವೊಂದೇ, ಅದು ಸದ್ದಿಲ್ಲದೆ ಕರಗಬಾರದು. ಪ್ರಶ್ನೆಯ ಬೇರು ಇಲ್ಲಿದೆ.

ಸಿಂಧನೂರಿನ ಗುಮಾಸ್ತ:
ಸರಿಯಾದ ಮಾತು ಮೇಡಂ. ಅದಕ್ಕಾಗಿಯೇ ಆ 6 ಲಕ್ಷವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡಬೇಕು. ಬಂಡವಾಳ ವಿಮೋಚನಾ ಮೀಸಲು ಎಂದರೆ ಸಾಲ ಕೊಟ್ಟವರಿಗಾಗಿ ಎತ್ತಿಟ್ಟ ಹಣ.

ರಾಯಚೂರಿನ ಲೆಕ್ಕಪರಿಶೋಧಕಿ:
ಸಾಲ ಕೊಟ್ಟವರಿಗಾಗಿ ಎಂಬುದು ಸರಿ, ಎತ್ತಿಟ್ಟ ಹಣ ಎಂಬುದು ತಪ್ಪು. ಬ್ಯಾಂಕಿನಿಂದ ಹೋದದ್ದು 21 ಲಕ್ಷ ಮಾತ್ರ. 6 ಲಕ್ಷದ ನಮೂದಿನಲ್ಲಿ ಒಂದು ಪೈಸೆಯೂ ಅಲ್ಲಾಡುವುದಿಲ್ಲ. ಒಂದು ಮೀಸಲು ಹೆಸರು ಬದಲಿಸಿ ಇನ್ನೊಂದಾಗುತ್ತದೆ, ಅಷ್ಟೇ.

ತಂಗಿ, ನಿಮ್ಮ ಲೆಕ್ಕವನ್ನೇ ಹಿಡಿಯೋಣ. 21 ಲಕ್ಷದಲ್ಲಿ ಮುಖಬೆಲೆ 6 ಲಕ್ಷ, ಅದು ಷೇರು ಬಂಡವಾಳಕ್ಕೆ ಡೆಬಿಟ್. ಮೇಲೆ ಕೊಟ್ಟದ್ದು 15 ಲಕ್ಷ. ಅದರಲ್ಲಿ 10 ಲಕ್ಷ ಷೇರು ಪ್ರೀಮಿಯಂನಿಂದ, ಉಳಿದ 5 ಲಕ್ಷ ಸಾಮಾನ್ಯ ಮೀಸಲಿನಿಂದ. ಇಲ್ಲಿಗೇ ನಿಲ್ಲಿಸಿದರೆ ಬಂಡವಾಳ 44 ಲಕ್ಷಕ್ಕೆ ಇಳಿದಿದೆ, ಸಾಮಾನ್ಯ ಮೀಸಲು 35 ಲಕ್ಷ ಇದೆ. ಆ 35 ಲಕ್ಷವನ್ನೂ ಲಾಭಾಂಶವಾಗಿ ಹಂಚಿಬಿಡಬಹುದು. ಹಂಚಿದರೆ ಸಾಲ ಕೊಟ್ಟವರ ಬೆನ್ನಿಗೆ 50 ಲಕ್ಷದ ಬದಲು 44 ಲಕ್ಷ.

ಆದ್ದರಿಂದ ಕಂಪನಿ ಕಾಯ್ದೆಯ 69ನೇ ಕಲಮು ಕೊಂಡ ಷೇರುಗಳ ಮುಖಬೆಲೆಯಷ್ಟನ್ನು ಬಂಡವಾಳ ವಿಮೋಚನಾ ಮೀಸಲಿಗೆ ವರ್ಗಾಯಿಸಲು ಹೇಳುತ್ತದೆ. ಆಗ ಸಾಮಾನ್ಯ ಮೀಸಲು 29 ಲಕ್ಷ, ಹೊಸ ಮೀಸಲು 6 ಲಕ್ಷ. 44ಕ್ಕೆ 6 ಸೇರಿಸಿ ನೋಡಿ, ಮತ್ತೆ 50. ಹೊಸ ಮೀಸಲನ್ನು ಲಾಭಾಂಶವಾಗಿ ಹಂಚುವಂತಿಲ್ಲ. ಪೂರ್ಣ ಪಾವತಿಯಾದ ಬೋನಸ್ ಷೇರು ಕೊಡಲು ಬಳಸಬಹುದು, ಬಳಸಿದರೆ ಅದು ಮತ್ತೆ ಬಂಡವಾಳವೇ ಆಗುತ್ತದೆ.

ಇನ್ನು ಪ್ರೀಮಿಯಂನ 10, ಸಾಮಾನ್ಯ ಮೀಸಲಿನ 5 ಮತ್ತು 6, ಒಟ್ಟು 21. ಬ್ಯಾಂಕಿನಿಂದ ಹೋದಷ್ಟೇ ಹಣ ಈ ಎರಡರಿಂದ ಇಳಿಯಿತು. ನೀವು ಎರಡು ಸಲ ಎಂದುಕೊಂಡದ್ದು ಒಂದೇ ಕಡಿತದ ಎರಡು ಭಾಗ.

ಬಳ್ಳಾರಿಯ ಬಿಕಾಂ ವಿದ್ಯಾರ್ಥಿನಿ:
44 ಮತ್ತು 6 ಸೇರಿಸಿದ ಕೂಡಲೇ ತಿಳಿಯಿತು ಮೇಡಂ. ನಾನು ಹೊಸ ಮೀಸಲಿಗೆ ಮೊದಲು 21 ಲಕ್ಷ ಬರೆದು, ರಬ್ಬರಿನಿಂದ ಅಳಿಸಿ, ಹಾಳೆಯನ್ನೇ ಹರಿದುಕೊಂಡಿದ್ದೆ.

ರಾಯಚೂರಿನ ಲೆಕ್ಕಪರಿಶೋಧಕಿ:
ಆ ತಪ್ಪು ಕಚೇರಿಗಳಲ್ಲೂ ಆಗುತ್ತದೆ. ಕೊಟ್ಟ ಬೆಲೆ ಎಷ್ಟೇ ಇರಲಿ, ವರ್ಗವಾಗುವುದು ಮುಖಬೆಲೆ ಮಾತ್ರ.

ಸಿಂಧನೂರಿನ ಗುಮಾಸ್ತ:
ಮಿತಿಯ ಮಾತು ಯಾರೂ ಎತ್ತಲಿಲ್ಲ. ವಿಶೇಷ ಠರಾವು ಇದ್ದರೆ ಬಂಡವಾಳ ಮತ್ತು ಮೀಸಲುಗಳ ಶೇ 25. ಇಲ್ಲಿ ಎಲ್ಲ ಸೇರಿ 130 ಲಕ್ಷ, ಅಂದರೆ 32.5 ಲಕ್ಷದವರೆಗೂ ಕೊಳ್ಳಬಹುದು.

ರಾಯಚೂರಿನ ಲೆಕ್ಕಪರಿಶೋಧಕಿ:
ಇಲ್ಲ. ಕಾಯ್ದೆ ಹೇಳುವುದು ಮುಕ್ತ ಮೀಸಲನ್ನು, ಅಂದರೆ ಲಾಭಾಂಶವಾಗಿ ಹಂಚಬಹುದಾದ ಮೀಸಲನ್ನು. ಜಮೀನಿನ ಬೆಲೆ ಕಾಗದದ ಮೇಲೆ ಏರಿದ್ದರಿಂದ ಬಂದ 30 ಲಕ್ಷ ಅದರಲ್ಲಿ ಸೇರದು. ಆದರೆ ಪ್ರೀಮಿಯಂ ಈ ಲೆಕ್ಕದಲ್ಲಿ ಸೇರುತ್ತದೆ. 50, 10, 40 ಕೂಡಿ 100 ಲಕ್ಷ, ಮಿತಿ 25 ಲಕ್ಷ. 21 ಲಕ್ಷ ಅದರೊಳಗಿದೆ. ಇದೇ ಷೇರಿಗೆ 45 ರೂಪಾಯಿ ಕೊಟ್ಟಿದ್ದರೆ 27 ಲಕ್ಷವಾಗಿ ಮಿತಿ ದಾಟುತ್ತಿತ್ತು. ನಿಮ್ಮ ಲೆಕ್ಕ ನಂಬಿದವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಸಿಂಧನೂರಿನ ಗುಮಾಸ್ತ:
ಮಿತಿಯ ವಿಷಯ ಒಪ್ಪಿದೆ. ಆದರೆ ಪ್ರೀಮಿಯಂ 10ರ ಬದಲು 25 ಲಕ್ಷ ಇತ್ತೆನ್ನಿ. ಹೊಸ ಮೀಸಲಿನ 6 ಲಕ್ಷವನ್ನು ಅಲ್ಲಿಂದಲೇ ತೆಗೆಯಬಹುದಲ್ಲವೇ? 69ನೇ ಕಲಮು ಮುಕ್ತ ಮೀಸಲನ್ನೂ ಪ್ರೀಮಿಯಂಅನ್ನೂ ಒಟ್ಟಿಗೇ ಹೆಸರಿಸುತ್ತದೆ.

ರಾಯಚೂರಿನ ಲೆಕ್ಕಪರಿಶೋಧಕಿ:
ಅಲ್ಲಿ ಹೆಸರಿಸಿರುವುದು ಷೇರು ಕೊಳ್ಳುವ ಮೂಲವನ್ನು. ಪ್ರೀಮಿಯಂ ಯಾವುದಕ್ಕೆ ಬಳಸಬಹುದೆಂಬ ಪಟ್ಟಿ 52ನೇ ಕಲಮಿನಲ್ಲಿದೆ. ಷೇರು ಮರುಖರೀದಿ ಅದರಲ್ಲಿದೆ, ಈ ಮೀಸಲು ಕಟ್ಟುವುದು ಇಲ್ಲ. ನಾನು ಸಾಮಾನ್ಯ ಮೀಸಲು ಅಥವಾ ಲಾಭದ ಬಾಕಿಯಿಂದಲೇ ತೆಗೆಯಿಸುತ್ತೇನೆ.

ಸಿಂಧನೂರಿನ ಗುಮಾಸ್ತ:
ಮೀಸಲು ಕಟ್ಟುವುದು ಮರುಖರೀದಿಯದೇ ಅಂಗ ಎಂದು ನಾನು ಓದುತ್ತೇನೆ. ಈ ಮಾತಿನಲ್ಲಿ ನಾನು ಕದಲುವುದಿಲ್ಲ ಮೇಡಂ.

ಬಳ್ಳಾರಿಯ ಬಿಕಾಂ ವಿದ್ಯಾರ್ಥಿನಿ:
ನನ್ನ ಲೆಕ್ಕದಲ್ಲಿ ಪ್ರೀಮಿಯಂ ಪೂರ್ತಿ ಮುಗಿದಿದೆ, ಆದ್ದರಿಂದ 6 ಲಕ್ಷ ಸಾಮಾನ್ಯ ಮೀಸಲಿನಿಂದಲೇ. ಹೊಸ ಹಾಳೆಯಲ್ಲಿ 29 ಎಂದು ಬರೆದೆ.